ಲ್ಯಾಬ್ ರಿಪೋರ್ಟಿನಲ್ಲಿ ಎಲ್ಲಿ "ಅಳೆದೆವು", ಎಲ್ಲಿ "ಇರುತ್ತದೆ": ಭೂತಕಾಲ, ವರ್ತಮಾನಕಾಲ ಆರಿಸುವ ಸಮಗ್ರ ಮಾರ್ಗದರ್ಶಿ

ರಿಪೋರ್ಟ್ ತಿದ್ದುವವರು ಅಂಚಿನಲ್ಲಿ "ಕಾಲ ಸರಿಪಡಿಸಿ" ಎಂದು ಬರೆದು ವಾಪಸ್ ಕೊಡುತ್ತಾರೆ. ಯಾವ ವಾಕ್ಯ, ಯಾಕೆ ಅಂತ ಹೇಳುವುದಿಲ್ಲ. ಆಗ ಹೆಚ್ಚಿನವರು ಇಡೀ ರಿಪೋರ್ಟನ್ನು ಭೂತಕಾಲಕ್ಕೆ ತಿರುಗಿಸಿಬಿಡುತ್ತಾರೆ. ಮುಂದಿನ ಸಲ "ಲೋಲಕದ ಆವರ್ತ ಕಾಲ ಅದರ ಉದ್ದವನ್ನು ಅವಲಂಬಿಸಿತ್ತು" ಎಂಬ ವಾಕ್ಯದ ಕೆಳಗೆ ಮತ್ತೆ ಕೆಂಪು ಗೆರೆ. ಅವಲಂಬಿಸಿತ್ತು ಅಂದರೆ ಈಗ ಅವಲಂಬಿಸುವುದಿಲ್ಲವೇ?

"ವಿಧಾನಕ್ಕೆ ಭೂತಕಾಲ, ಸಿದ್ಧಾಂತಕ್ಕೆ ವರ್ತಮಾನಕಾಲ" ಎಂಬ ಸೂತ್ರವನ್ನು ಬಾಯಿಪಾಠ ಮಾಡಿದವರೂ ಇದೇ ಗುಂಡಿಗೆ ಬೀಳುತ್ತಾರೆ. ಆ ಸೂತ್ರ ತಪ್ಪಲ್ಲ, ಆದರೆ ಅರ್ಧ ದಾರಿಗೆ ಕೈಕೊಡುತ್ತದೆ. ಫಲಿತಾಂಶ ಮತ್ತು ಚರ್ಚೆಯ ಭಾಗಗಳಲ್ಲಿ ಎರಡೂ ಕಾಲಗಳು ಪಕ್ಕಪಕ್ಕದಲ್ಲೇ ಬರುತ್ತವೆ, ಕೆಲವು ಸಲ ಒಂದೇ ವಾಕ್ಯದೊಳಗೆ. ಅಲ್ಲಿ ಭಾಗದ ಹೆಸರು ನೋಡಿ ಕಾಲ ಆರಿಸಲು ಆಗುವುದಿಲ್ಲ, ಪ್ರತಿ ವಾಕ್ಯವನ್ನೂ ಪ್ರಶ್ನೆ ಕೇಳಬೇಕಾಗುತ್ತದೆ.

ಆ ಪ್ರಶ್ನೆಗಳು ಮೂರೇ.

1. ಇದು ಅವತ್ತು ಲ್ಯಾಬಿನಲ್ಲಿ ನಡೆದು ಮುಗಿದುಹೋದ ಸಂಗತಿಯೇ? ಹಾಗಿದ್ದರೆ ಭೂತಕಾಲ.
2. ನಾವು ಪ್ರಯೋಗ ಮಾಡದೇ ಇದ್ದರೂ ಇದು ನಿಜವೇ? ಹಾಗಿದ್ದರೆ ವರ್ತಮಾನಕಾಲ.
3. ಇದು ಓದುವವರ ಕಣ್ಣಮುಂದೆ, ಇದೇ ಹಾಳೆಯ ಮೇಲೆ ಇದೆಯೇ? ಆಗಲೂ ವರ್ತಮಾನಕಾಲ.

ಇಡೀ ಮಾರ್ಗದರ್ಶಿಗೆ ಒಂದೇ ಪ್ರಯೋಗ ಇಟ್ಟುಕೊಳ್ಳೋಣ: ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ g ಕಂಡುಹಿಡಿಯುವುದು. ದಾರಕ್ಕೆ ಗುಂಡು ಕಟ್ಟಿ ತೂಗಿಬಿಟ್ಟು, ಅದು 20 ಸಲ ಆಚೀಚೆ ಹೋಗಿ ಬರಲು ಎಷ್ಟು ಹೊತ್ತು ಬೇಕು ಎಂದು ಅಳೆಯುವ ಪ್ರಯೋಗ. ಇದರಲ್ಲಿ ಕೆಲಸ ಕಡಿಮೆ, ಸೂತ್ರ ಒಂದೇ, ಹಾಗಾಗಿ ಗಮನವೆಲ್ಲ ಕ್ರಿಯಾಪದದ ಮೇಲೆ ಇಡಬಹುದು.

## ಶುರು ಮಾಡುವ ಮೊದಲು ಬೇಕಾದ್ದು

ಲ್ಯಾಬಿನಲ್ಲಿ ಕೂತು ಬರೆದ ನೋಟ್‌ಬುಕ್ ಬೇಕು. ಅದರ ಶುದ್ಧ ಪ್ರತಿ ಅಲ್ಲ, ಗೀಚು ಹೊಡೆದ, ಅಂಕಿ ತಿದ್ದಿದ ಅದೇ ಪುಟಗಳು. ನಿಜವಾಗಿ ಏನು ನಡೆಯಿತು ಎನ್ನುವುದಕ್ಕೆ ಸಾಕ್ಷಿ ಅದೊಂದೇ.

ಎರಡು ಬಣ್ಣದ ಪೆನ್ನು ಇರಲಿ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಎರಡು ಹೈಲೈಟ್ ಬಣ್ಣ ಸಾಕು.

ಲ್ಯಾಬ್ ಮ್ಯಾನುಯಲ್ ಕೂಡ ಬೇಕು, ಆದರೆ ಬರೆಯುವಾಗ ಮುಚ್ಚಿಡಿ. ತೆರೆದಿಟ್ಟುಕೊಂಡು ಬರೆದರೆ ಅದರ ಕ್ರಿಯಾಪದಗಳು ನಿಮಗೇ ಗೊತ್ತಾಗದ ಹಾಗೆ ನಿಮ್ಮ ವಾಕ್ಯಕ್ಕೆ ಇಳಿದುಬರುತ್ತವೆ. ಸೂತ್ರ ಸರಿಯಾಗಿದೆಯಾ ಎಂದು ನೋಡಲು ಕೊನೆಗೆ ತೆರೆದರಾಯಿತು.

ಇನ್ನು ಬರೆಯುವ ಕ್ರಮ. ರಿಪೋರ್ಟಿನಲ್ಲಿ ಭಾಗಗಳು ಬರುವ ಕ್ರಮದಲ್ಲೇ ಬರೆಯಬೇಕೆಂದಿಲ್ಲ. ಮೊದಲು ವಿಧಾನ, ಆಮೇಲೆ ಫಲಿತಾಂಶ, ನಂತರ ಸಿದ್ಧಾಂತ, ಚರ್ಚೆ, ತೀರ್ಮಾನ, ಕಟ್ಟಕಡೆಗೆ ಉದ್ದೇಶ ಮತ್ತು ಸಾರಾಂಶ. ಹೀಗೆ ಮಾಡಿದರೆ ಮೊದಲ ಎರಡು ಭಾಗಗಳಲ್ಲಿ ಭೂತಕಾಲ ಗಟ್ಟಿಯಾಗಿ ಕೂರುತ್ತದೆ, ವರ್ತಮಾನಕಾಲ ಎಲ್ಲಿಂದ ಶುರುವಾಗುತ್ತದೆ ಎನ್ನುವುದು ತಾನಾಗಿ ಕಾಣುತ್ತದೆ. ಸಾರಾಂಶದಿಂದ ಶುರು ಮಾಡಿದವರ ರಿಪೋರ್ಟಿನಲ್ಲಿ ಕಾಲಗಳು ಮೊದಲ ಪ್ಯಾರಾದಲ್ಲೇ ಕಲಸಿಹೋಗಿರುತ್ತವೆ.

## ಹಂತ 1: ವಾಕ್ಯದ ಕೊನೆಯ ಕ್ರಿಯಾಪದ ಹಿಡಿಯಿರಿ

ಕನ್ನಡದಲ್ಲಿ ಒಂದು ಅನುಕೂಲವಿದೆ. "ಕಟ್ಟಿ", "ಎಳೆದು", "ಬಿಟ್ಟು" ಎಂದು ಎಷ್ಟು ಕೆಲಸಗಳನ್ನು ಪೋಣಿಸಿದರೂ ಕಾಲವನ್ನು ತೀರ್ಮಾನಿಸುವುದು ವಾಕ್ಯದ ಕೊನೆಯ ಕ್ರಿಯಾಪದ. "ದಾರ ಕಟ್ಟಿ, ಗುಂಡನ್ನು ಪಕ್ಕಕ್ಕೆ ಎಳೆದು ಬಿಟ್ಟೆವು" ಎಂದರೆ ಎಲ್ಲವೂ ಅವತ್ತು ನಡೆದದ್ದು. ಅದೇ ವಾಕ್ಯದ ಕೊನೆಗೆ "ಬಿಡುತ್ತೇವೆ" ಎಂದರೆ ದಾರ ಕಟ್ಟಿದ್ದೂ ಅನುಮಾನವಾಗುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿ ಪ್ರತಿ ವಾಕ್ಯದ ಕೊನೆಯ ಪದವನ್ನು ಮಾತ್ರ ಗುರುತು ಮಾಡಿ. ಭೂತಕಾಲಕ್ಕೆ ಒಂದು ಬಣ್ಣ, ವರ್ತಮಾನಕ್ಕೆ ಇನ್ನೊಂದು.

ಕೊನೆಯ ಪದ ಹಿಡಿದರೂ ತಪ್ಪಿಸಿಕೊಳ್ಳುವುದು ವಾಕ್ಯದ ನಡುವೆ ಕೂತಿರುವ "ಬಳಸುವ", "ಅಳೆಯುವ", "ತೂಗುವ" ಎಂಬಂಥ ಪದಗಳು. "ಬಳಸುವ ಗುಂಡಿನ ವ್ಯಾಸ 2 ಸೆಂ.ಮೀ. ಇತ್ತು" ಎಂಬಲ್ಲಿ ಕೊನೆ ಸರಿಯಿದೆ, ನಡು ಜಾರಿದೆ. ಅದು "ಬಳಸಿದ ಗುಂಡಿನ ವ್ಯಾಸ" ಆಗಬೇಕು. ಇದನ್ನು ಎರಡನೇ ಸುತ್ತಿನಲ್ಲಿ ನೋಡಿ, ಎರಡನ್ನೂ ಒಟ್ಟಿಗೆ ಹುಡುಕಲು ಹೋದರೆ ಎರಡೂ ಕಣ್ತಪ್ಪುತ್ತವೆ.

ಕ್ರಿಯಾಪದವೇ ಇಲ್ಲದ ವಾಕ್ಯವೂ ಬರುತ್ತದೆ: "ದಾರದ ಉದ್ದ 40 ಸೆಂ.ಮೀ." ಇದರಲ್ಲಿ ತಪ್ಪಿಲ್ಲ, ಹಾಗೇ ಬಿಡಿ. ಕಾಲ ತೋರಿಸಬೇಕೆಂದು ಸುಮ್ನೆ "ಆಗಿದೆ" ಅಂಟಿಸುವುದು ಬೇಡ.

## ಹಂತ 2: ವಿಧಾನ

ಜಾಸ್ತಿ ಅಂಕ ಹೋಗುವುದು ಇಲ್ಲಿ. ನೋಡಲು ಸುಲಭದ ಭಾಗ, ಹಾಗಾಗಿ ಯಾರೂ ಇದನ್ನು ಎರಡನೇ ಸಲ ಓದುವುದಿಲ್ಲ. ತಿದ್ದುವವರ ಮುಂದೆ ಬರುವ ಪ್ಯಾರಾ ಸಾಮಾನ್ಯವಾಗಿ ಹೀಗಿರುತ್ತದೆ:

> ಮೊದಲು ಗುಂಡಿಗೆ ದಾರ ಕಟ್ಟಬೇಕು. ಲೋಲಕದ ಉದ್ದವನ್ನು 40 ಸೆಂ.ಮೀ.ಗೆ ಹೊಂದಿಸಲಾಗುತ್ತದೆ. ಗುಂಡನ್ನು ಸ್ವಲ್ಪ ಪಕ್ಕಕ್ಕೆ ಎಳೆದು ಬಿಡುತ್ತೇವೆ. 20 ಆಂದೋಲನಗಳ ಸಮಯವನ್ನು ಅಳೆಯಲಾಗಿದೆ. ಇದೇ ರೀತಿ ಮೂರು ಸಲ ಮಾಡಿದೆವು.

ಐದು ವಾಕ್ಯ, ಐದು ಬಗೆಯ ಕೊನೆ. ಒಂದೊಂದೂ ಎಲ್ಲಿಂದ ಬಂತು ಎಂದು ನೋಡಿದರೆ ತಿದ್ದುವುದು ಸುಲಭ.

"ಕಟ್ಟಬೇಕು" ಮ್ಯಾನುಯಲ್ಲಿನಿಂದ ಬಂದದ್ದು. ಮ್ಯಾನುಯಲ್ ನಿಮಗೆ ಆದೇಶ ಕೊಡುತ್ತದೆ, ರಿಪೋರ್ಟ್ ನೀವು ಮಾಡಿದ್ದನ್ನು ಹೇಳುತ್ತದೆ. ಓದುವವರು ದಾರ ಕಟ್ಟಲು ಕೂತಿಲ್ಲ.

"ಹೊಂದಿಸಲಾಗುತ್ತದೆ" ಪಠ್ಯಪುಸ್ತಕದ ಧಾಟಿ. ಯಾರು ಬೇಕಾದರೂ, ಯಾವಾಗ ಬೇಕಾದರೂ ಹೀಗೆ ಮಾಡುತ್ತಾರೆ ಎಂದಷ್ಟೇ ಅದರ ಅರ್ಥ. ನೀವು ಮಾಡಿದ್ದೀರೋ ಇಲ್ಲವೋ ಗೊತ್ತಾಗುವುದಿಲ್ಲ.

"ಬಿಡುತ್ತೇವೆ" ಇನ್ನೂ ತೊಂದರೆಯದು, ಏಕೆಂದರೆ ಕನ್ನಡದಲ್ಲಿ ಈ ರೂಪ ಮುಂದೆ ಆಗುವುದನ್ನೂ ಹೇಳುತ್ತದೆ. "ನಾಳೆ ಅಳೆಯುತ್ತೇವೆ" ಎಂದು ಮಾತಾಡುವುದಿಲ್ಲವೇ? ವಿಧಾನದ ಭಾಗದಲ್ಲಿ ಇದನ್ನು ಓದಿದವರಿಗೆ ಪ್ರಯೋಗ ಮುಗಿದಿದೆಯೋ, ಇನ್ನೂ ಯೋಜನೆಯಲ್ಲಿದೆಯೋ ಎಂಬ ಗೊಂದಲ ಬರುವುದು ಸಹಜ.

"ಅಳೆಯಲಾಗಿದೆ" ನೋಡಲು ಗಂಭೀರವಾಗಿ ಕಾಣುತ್ತದೆ, ಆದ್ದರಿಂದ ಎಲ್ಲರಿಗೂ ಇಷ್ಟ. ಆದರೆ "ಲಾಗಿದೆ" ಎಂಬ ರೂಪ, ಮಾಡಿದ ಕೆಲಸದ ಫಲ ಈಗಲೂ ಉಳಿದಿದೆ ಎನ್ನುವಾಗ ಸರಿಹೊಂದುತ್ತದೆ. "ಓದುಗಳನ್ನು ಕೋಷ್ಟಕ 1ರಲ್ಲಿ ಕೊಡಲಾಗಿದೆ" ಸರಿ, ಕೋಷ್ಟಕ ಅಲ್ಲೇ ಇದೆ. "ಗುಂಡಿಗೆ ದಾರ ಕಟ್ಟಲಾಗಿದೆ" ಎಂದರೆ ಆ ದಾರ ಈಗಲೂ ನೇತಾಡುತ್ತಿರಬೇಕು. ಅದನ್ನು ಬಿಚ್ಚಿಟ್ಟು ಎಲ್ಲರೂ ಮನೆಗೆ ಹೋಗಿ ಆಗಿದೆ, ಅಲ್ವಾ? ನಡೆದು ಮುಗಿದ ಕೆಲಸಕ್ಕೆ "ಕಟ್ಟಲಾಯಿತು" ಅಥವಾ "ಕಟ್ಟಿದೆವು".

ಈ ಎರಡರಲ್ಲಿ ಯಾವುದು? ಮಾಡಿದವರು ಯಾರು ಎಂದು ಹೇಳಬಾರದು ಎಂಬ ನಿಯಮ ನಿಮ್ಮಲ್ಲಿದ್ದರೆ "ಲಾಯಿತು", ಇಲ್ಲದಿದ್ದರೆ "ದೆವು". ನನ್ನ ಮತ ಎರಡನೆಯದಕ್ಕೆ. ಹತ್ತು ವಾಕ್ಯ ಸಾಲಾಗಿ "ಲಾಯಿತು, ಲಾಯಿತು" ಎಂದು ಓದುವುದು ಕಿವಿಗೆ ಭಾರ. ಆದರೆ ಕಾಲದ ದೃಷ್ಟಿಯಿಂದ ಎರಡೂ ಒಂದೇ. ಒಂದನ್ನು ಆರಿಸಿ ಕೊನೆಯವರೆಗೆ ಹಿಡಿದುಕೊಳ್ಳಿ.

ತಿದ್ದಿದ ಪ್ಯಾರಾ:

> ಗುಂಡಿಗೆ ದಾರ ಕಟ್ಟಿ ಸ್ಟ್ಯಾಂಡಿನ ಕ್ಲ್ಯಾಂಪಿಗೆ ತೂಗುಹಾಕಿದೆವು. ಕ್ಲ್ಯಾಂಪಿನಿಂದ ಗುಂಡಿನ ನಡುಬಿಂದುವಿನವರೆಗಿನ ಉದ್ದವನ್ನು 40 ಸೆಂ.ಮೀ.ಗೆ ಹೊಂದಿಸಿದೆವು. ಗುಂಡನ್ನು ಸುಮಾರು 15° ವಾಲಿಸಿ, ತಳ್ಳದೆ ಬಿಟ್ಟು, 20 ಆಂದೋಲನಗಳಿಗೆ ಹಿಡಿದ ಸಮಯವನ್ನು ಸ್ಟಾಪ್‌ವಾಚಿನಲ್ಲಿ ಅಳೆದೆವು. ಮೂರು ಸಲ ಅಳೆದು ಸರಾಸರಿ ತೆಗೆದೆವು. 60, 80 ಮತ್ತು 100 ಸೆಂ.ಮೀ. ಉದ್ದಗಳಿಗೂ ಹೀಗೇ ಮಾಡಿದೆವು.

ಇಲ್ಲಿ ಕ್ರಿಯಾಪದದ ಜೊತೆಗೆ ಇನ್ನೊಂದೂ ಬದಲಾಗಿದೆ, ಗಮನಿಸಿ. "ಸ್ವಲ್ಪ ಪಕ್ಕಕ್ಕೆ" ಎಂದಿದ್ದದ್ದು "ಸುಮಾರು 15°" ಆಗಿದೆ. "ವಾಲಿಸಿದೆವು" ಎಂದು ಬರೆಯಲು ಹೊರಟಾಗ ಎಷ್ಟು ವಾಲಿಸಿದೆವು ಎಂದು ನೋಟ್‌ಬುಕ್ ತೆರೆಯಲೇಬೇಕಾಗುತ್ತದೆ. ಮ್ಯಾನುಯಲ್ ಏನು ಹೇಳಿತ್ತು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಈ 15° ಚರ್ಚೆಯ ಭಾಗದಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆ.

ವಿಧಾನದಲ್ಲೂ ವರ್ತಮಾನಕಾಲಕ್ಕೆ ಒಂದು ಸಣ್ಣ ಜಾಗ ಇದೆ: ಉಪಕರಣದ ಸ್ವಭಾವ. "ಈ ಸ್ಟಾಪ್‌ವಾಚ್ 0.01 ಸೆಕೆಂಡಿನವರೆಗೆ ತೋರಿಸುತ್ತದೆ" ಸರಿ, ಅದು ಇವತ್ತೂ ತೋರಿಸುತ್ತದೆ. ಚಿತ್ರದ ಕಡೆಗೆ ಬೊಟ್ಟು ಮಾಡುವ ವಾಕ್ಯವೂ ಅಷ್ಟೇ: "ಉಪಕರಣಗಳ ಜೋಡಣೆಯನ್ನು ಚಿತ್ರ 1 ತೋರಿಸುತ್ತದೆ". ಇವೆರಡನ್ನು ಬಿಟ್ಟರೆ ವಿಧಾನದಲ್ಲಿ ವರ್ತಮಾನದ ಬಣ್ಣ ಎಲ್ಲಿ ಕಂಡರೂ ನಿಲ್ಲಿಸಿ ನೋಡಿ.

## ಹಂತ 3: ಫಲಿತಾಂಶ

ನಮ್ಮ ಪ್ರಯೋಗದ ಸರಾಸರಿ ಓದುಗಳು ಇವು ಎಂದುಕೊಳ್ಳಿ. 20 ಆಂದೋಲನಗಳಿಗೆ 40 ಸೆಂ.ಮೀ. ಉದ್ದದಲ್ಲಿ 25.5 ಸೆಕೆಂಡ್, 60ರಲ್ಲಿ 31.3, 80ರಲ್ಲಿ 36.1, 100ರಲ್ಲಿ 40.3. ಪ್ರತಿಯೊಂದನ್ನೂ 20ರಿಂದ ಭಾಗಿಸಿದರೆ ಆವರ್ತ ಕಾಲ T ಸಿಗುತ್ತದೆ. T²ನ್ನು ಉದ್ದದ ಎದುರು ಗ್ರಾಫ್ ಹಾಕಿದರೆ ರೇಖೆಯ ಇಳಿಜಾರು 4.056 s²/m ಬರುತ್ತದೆ, 4π²ನ್ನು ಅದರಿಂದ ಭಾಗಿಸಿದರೆ g = 9.73 m/s².

ಈಗ ಈ ಎರಡು ವಾಕ್ಯ ನೋಡಿ:

> ಕೋಷ್ಟಕ 1 ನಾಲ್ಕು ಉದ್ದಗಳಿಗೆ ಸಿಕ್ಕ ಆವರ್ತ ಕಾಲಗಳನ್ನು ತೋರಿಸುತ್ತದೆ. ಉದ್ದ 40 ಸೆಂ.ಮೀ.ನಿಂದ 100 ಸೆಂ.ಮೀ.ಗೆ ಏರಿದಾಗ ಆವರ್ತ ಕಾಲ 1.275 ಸೆಕೆಂಡಿನಿಂದ 2.015 ಸೆಕೆಂಡಿಗೆ ಏರಿತು.

ಮೊದಲನೆಯದು ಹಾಳೆಯ ಮೇಲಿರುವ ಕೋಷ್ಟಕದ ಮಾತು, ಅದಕ್ಕೆ ವರ್ತಮಾನ. ಎರಡನೆಯದು ಲ್ಯಾಬಿನಲ್ಲಿ ನಡೆದದ್ದು, ಅದಕ್ಕೆ ಭೂತ. ಒಂದೇ ಪ್ಯಾರಾದಲ್ಲಿ ಎರಡು ಕಾಲ ಬಂದದ್ದು ತಪ್ಪಲ್ಲ. "ಕೋಷ್ಟಕ 1 ತೋರಿಸಿತು" ಎಂದು ಬರೆದರೆ ಕೋಷ್ಟಕ ಈಗ ಎಲ್ಲಿ ಹೋಯಿತು ಎಂದು ಕೇಳಬೇಕಾಗುತ್ತದೆ.

ನಿಜವಾದ ಕಷ್ಟ ಎರಡನೇ ವಾಕ್ಯದಲ್ಲಿದೆ. ಅದನ್ನು "ಉದ್ದ ಹೆಚ್ಚಿದಂತೆ ಆವರ್ತ ಕಾಲ ಹೆಚ್ಚುತ್ತದೆ" ಎಂದು ಬರೆಯಲು ಕೈ ತಾನಾಗಿ ಹೋಗುತ್ತದೆ. ಅದು ಸತ್ಯವೂ ಹೌದು! ಹಾಗಿದ್ದರೂ ಫಲಿತಾಂಶದ ಭಾಗದಲ್ಲಿ ಅದಕ್ಕೆ ಜಾಗವಿಲ್ಲ. "ಏರಿತು" ಎಂದರೆ ನೀವು ಅಳೆದ ನಾಲ್ಕು ಉದ್ದಗಳಲ್ಲಿ ಹೀಗೆ ಕಂಡಿತು ಎಂದಷ್ಟೇ. "ಹೆಚ್ಚುತ್ತದೆ" ಎಂದರೆ ಎಲ್ಲ ಲೋಲಕಗಳೂ ಯಾವಾಗಲೂ ಹೀಗೇ ಎಂಬ ದೊಡ್ಡ ಮಾತು. ಆ ಮಾತಿಗೆ ನಾಲ್ಕು ಓದು ಸಾಲುತ್ತದೆಯೇ ಎನ್ನುವುದು ಚರ್ಚೆಯಲ್ಲಿ ಬರಬೇಕಾದ ಪ್ರಶ್ನೆ. ಇಲ್ಲಿ ಕಾಲ ಬದಲಾದರೆ ನೀವು ಮಂಡಿಸುವ ವಾದವೇ ಬದಲಾಗುತ್ತದೆ. ತಿದ್ದುವವರು ಈ ಭಾಗದಲ್ಲಿ ಇಷ್ಟು ಕಟ್ಟುನಿಟ್ಟಾಗಿರುವುದು ಅದಕ್ಕೇ.

ಎಚ್ಚರಿಕೆಯ ಗುರುತು ಒಂದಿದೆ. ಫಲಿತಾಂಶದ ವಾಕ್ಯದಲ್ಲಿ ಅಂಕಿಯೇ ಇಲ್ಲದೆ ಬರೀ "ಹೆಚ್ಚುತ್ತದೆ", "ಕಡಿಮೆಯಾಗುತ್ತದೆ" ಎಂದು ಇದ್ದರೆ ನೀವು ಪಠ್ಯಪುಸ್ತಕ ನೆನೆದು ಬರೆದಿದ್ದೀರಿ ಎಂದೇ ಅರ್ಥ. ಅಲ್ಲಿಗೆ ನಿಮ್ಮ ಅಂಕಿ ತಂದು ಕೂರಿಸಿ, ಭೂತಕಾಲ ತಾನಾಗಿ ಬರುತ್ತದೆ.

g ಬೆಲೆಗೂ ಇದೇ. "g ಬೆಲೆ 9.73 m/s² ಆಗಿದೆ" ಎಂದರೆ ಭೂಮಿಯ ಗುರುತ್ವವನ್ನೇ ನೀವು ಘೋಷಿಸಿದಂತೆ. "ಇಳಿಜಾರಿನಿಂದ g ಬೆಲೆ 9.73 m/s² ಬಂದಿತು" ಎಂದರೆ ನಿಮ್ಮ ಲೆಕ್ಕದಲ್ಲಿ ಬಂದದ್ದು.

## ಹಂತ 4: ಸಿದ್ಧಾಂತ

ಇದು ಬೇಗ ಮುಗಿಯುತ್ತದೆ. ಸೂತ್ರ, ನಿಯಮ, ವ್ಯಾಖ್ಯೆ ಎಲ್ಲವೂ ವರ್ತಮಾನದಲ್ಲಿ: "ಸಣ್ಣ ಕೋನಗಳಲ್ಲಿ ಸರಳ ಲೋಲಕದ ಆವರ್ತ ಕಾಲ T = 2π√(L/g) ಆಗಿರುತ್ತದೆ. ಇದು ಗುಂಡಿನ ತೂಕವನ್ನು ಅವಲಂಬಿಸುವುದಿಲ್ಲ."

ಹಿಂದಿನವರ ಕೆಲಸ ಹೇಳುವಾಗ ಮಾತ್ರ ಸ್ವಲ್ಪ ನೋಡಿಕೊಳ್ಳಿ. ಅವರು ಮಾಡಿದ ಕೆಲಸ ಭೂತ, ಅದರಿಂದ ತಿಳಿದ ಸಂಗತಿ ವರ್ತಮಾನ. "ಕ್ರಿಸ್ಟಿಯಾನ್ ಹೈಗನ್ಸ್ 1673ರಲ್ಲಿ ಪ್ರಕಟಿಸಿದ ಕೃತಿಯಲ್ಲಿ ಲೋಲಕದ ಚಲನೆಯನ್ನು ವಿಶ್ಲೇಷಿಸಿದರು, ಆವರ್ತ ಕಾಲ ಉದ್ದದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ." ವ್ಯಕ್ತಿ ಮತ್ತು ಇಸವಿ ಬಂದ ಕಡೆ ಭೂತಕಾಲ, ನಿಯಮ ಬಂದ ಕಡೆ ವರ್ತಮಾನ. ಅಷ್ಟೇ.

## ಹಂತ 5: ಚರ್ಚೆ

ಇಲ್ಲಿ ನಿಧಾನಿಸಿ. ಕಾಲ ವಾಕ್ಯದಿಂದ ವಾಕ್ಯಕ್ಕೆ ಅತಿ ಹೆಚ್ಚು ಬದಲಾಗುವುದು ಈ ಭಾಗದಲ್ಲಿ, ಮತ್ತು ಬದಲಾಗಲೇಬೇಕು. ನಮ್ಮ 9.73, ಸಾಮಾನ್ಯವಾಗಿ ಬಳಸುವ 9.8 m/s²ಗಿಂತ ಸ್ವಲ್ಪ ಕಡಿಮೆ. ಅದನ್ನು ವಿವರಿಸುವ ಪ್ಯಾರಾ ಹೀಗೆ ಬರುತ್ತದೆ:

> ನಮಗೆ ಬಂದ g ಬೆಲೆ 9.8 m/s²ಗಿಂತ ಸುಮಾರು ಶೇ. 0.7ರಷ್ಟು ಕಡಿಮೆ ಇತ್ತು. ಬಳಸಿದ ಸೂತ್ರ ಸಣ್ಣ ಕೋನಗಳಿಗೆ ಮಾತ್ರ ಹೊಂದುತ್ತದೆ. ನಾವು ಗುಂಡನ್ನು ಸುಮಾರು 15° ವಾಲಿಸಿ ಬಿಟ್ಟಿದ್ದೆವು. ಈ ಕೋನದಲ್ಲಿ ಆವರ್ತ ಕಾಲ ಸೂತ್ರ ಕೊಡುವ ಬೆಲೆಗಿಂತ ಸುಮಾರು ಶೇ. 0.4ರಷ್ಟು ಹೆಚ್ಚಿರುತ್ತದೆ. ಲೆಕ್ಕದಲ್ಲಿ Tಯ ವರ್ಗ ಬರುವುದರಿಂದ g ಬೆಲೆ ಶೇ. 0.8ಕ್ಕಿಂತ ತುಸು ಹೆಚ್ಚು ತಗ್ಗುತ್ತದೆ. ಕಂಡುಬಂದ ವ್ಯತ್ಯಾಸಕ್ಕೆ ಮುಖ್ಯ ಕಾರಣ ಇದೇ ಇರಬಹುದು.

ಒಂದೊಂದಾಗಿ ನೋಡೋಣ. "ಕಡಿಮೆ ಇತ್ತು" ನಮ್ಮ ಲೆಕ್ಕದ ಮಾತು, ಭೂತ. "ಹೊಂದುತ್ತದೆ" ಸೂತ್ರದ ಸ್ವಭಾವ, ನಾವು ಹುಟ್ಟುವ ಮೊದಲೂ ನಿಜ, ವರ್ತಮಾನ. "ಬಿಟ್ಟಿದ್ದೆವು" ಮತ್ತೆ ಲ್ಯಾಬಿಗೆ ಹಿಂತಿರುಗುತ್ತದೆ. "ಬಿಟ್ಟೆವು" ಎಂದರೂ ತಪ್ಪಿಲ್ಲ, ಆದರೆ ಫಲಿತಾಂಶದ ಮಾತು ಆಡಿದ ಮೇಲೆ ಅದಕ್ಕಿಂತ ಹಿಂದಿನ ಘಟನೆಗೆ ಹೋಗುತ್ತಿರುವುದರಿಂದ "ಬಿಟ್ಟಿದ್ದೆವು" ಹೆಚ್ಚು ಹೊಂದುತ್ತದೆ. ವಿಧಾನದಲ್ಲಿ ಎಲ್ಲವೂ ನಡೆದ ಕ್ರಮದಲ್ಲೇ ಬರುವುದರಿಂದ ಅಲ್ಲಿ ಈ "ಇದ್ದೆವು" ರೂಪ ಬೇಕಾಗುವುದೇ ಅಪರೂಪ. ಅಲ್ಲಿ ಅದು ಮೇಲಿಂದ ಮೇಲೆ ಬಂದರೆ ನಿಮ್ಮ ಹಂತಗಳ ಕ್ರಮವೇ ಹಿಂದುಮುಂದಾಗಿದೆ ಎಂದು ತಿಳಿಯಿರಿ.

"ಹೆಚ್ಚಿರುತ್ತದೆ", "ತಗ್ಗುತ್ತದೆ" ಎರಡೂ ಭೌತವಿಜ್ಞಾನದ ಮಾತು, ಯಾರ ಲೋಲಕಕ್ಕಾದರೂ ಸಲ್ಲುತ್ತವೆ. ಇವನ್ನು ಭೂತಕಾಲಕ್ಕೆ ತಿರುಗಿಸಿ "ಆವರ್ತ ಕಾಲ ಶೇ. 0.4 ಹೆಚ್ಚಿತ್ತು" ಎಂದರೆ ಅದನ್ನು ನೀವೇ ಅಳೆದಿರಿ ಎಂದಾಗುತ್ತದೆ. ಅಳೆದಿಲ್ಲವಲ್ಲ! ಸಣ್ಣ ಕೋನದಲ್ಲಿ ಒಮ್ಮೆ, 15°ಯಲ್ಲಿ ಒಮ್ಮೆ ಅಳೆದು ಹೋಲಿಸಿದ್ದರೆ ಮಾತ್ರ ಹಾಗೆ ಬರೆಯುವ ಹಕ್ಕು ಇರುತ್ತಿತ್ತು.

ಕೊನೆಯ "ಇರಬಹುದು" ಬೇಕೆಂದೇ ಇಟ್ಟದ್ದು. "ಇದೇ ಕಾರಣವಾಯಿತು" ಎಂದು ಭೂತಕಾಲದಲ್ಲಿ ಬರೆದರೆ ಊಹೆ ಕೂಡ ನಡೆದ ಘಟನೆಯ ಹಾಗೆ ಕಾಣುತ್ತದೆ. ಕಾರಣವನ್ನು ನೀವು ನೋಡಿಲ್ಲ, ಊಹಿಸುತ್ತಿದ್ದೀರಿ, ಮತ್ತು ಊಹಿಸುತ್ತಿರುವುದು ಈಗ.

ಹಾಗೆಯೇ ಸುಧಾರಣೆಯ ಮಾತು. ಇಲ್ಲಿ ಎರಡು ರೂಪಗಳಿವೆ, ಎರಡಕ್ಕೂ ಅರ್ಥ ಬೇರೆ. "ಕೋನವನ್ನು 5°ಗಿಂತ ಕಡಿಮೆ ಇಟ್ಟಿದ್ದರೆ ಈ ದೋಷ ಬಹಳ ಕಡಿಮೆ ಇರುತ್ತಿತ್ತು" ಎನ್ನುವುದು ಅವತ್ತಿನ ಪ್ರಯೋಗದ ಬಗ್ಗೆ. "ಕೋನವನ್ನು 5°ಗಿಂತ ಕಡಿಮೆ ಇಟ್ಟರೆ ಈ ದೋಷ ಬಹಳ ಕಡಿಮೆಯಾಗುತ್ತದೆ" ಎನ್ನುವುದು ಮುಂದೆ ಮಾಡುವವರಿಗೆ. ಯಾವುದಾದರೂ ಬರೆಯಿರಿ, "ಇಟ್ಟಿದ್ದರೆ ಕಡಿಮೆಯಾಗುತ್ತದೆ" ಎಂದು ಅರ್ಧ ಅಲ್ಲಿಂದ ಅರ್ಧ ಇಲ್ಲಿಂದ ಬೇಡ.

## ಹಂತ 6: "ಇಲ್ಲ" ಇರುವ ವಾಕ್ಯಗಳನ್ನು ಬೇರೆಯಾಗಿ ನೋಡಿ

ಇದಕ್ಕೆ ಒಂದು ಪೂರ್ತಿ ಹಂತ ಯಾಕೆ ಅಂದರೆ, ಕಾಲ ತಿದ್ದುವಾಗ ಎಲ್ಲರೂ "ದೆವು", "ತ್ತದೆ" ಹುಡುಕುತ್ತಾರೆ, "ಇಲ್ಲ" ಎಂದು ಮುಗಿಯುವ ವಾಕ್ಯ ಬಣ್ಣ ಹಚ್ಚದೆಯೇ ಉಳಿದುಬಿಡುತ್ತದೆ. ಅದರಲ್ಲೂ ಕಾಲ ಇದೆ, "ಇಲ್ಲ"ದ ಹಿಂದೆ ಅಡಗಿದೆ ಅಷ್ಟೇ.

"ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ" ಎಂದರೆ ಅವತ್ತು ನಾವು ಹಾಗೆ ಮಾಡಲಿಲ್ಲ. ಇದು ವಿಧಾನಕ್ಕೆ ಅಥವಾ ಚರ್ಚೆಗೆ ಸೇರಿದ್ದು. "ಈ ಸೂತ್ರ ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ" ಎಂದರೆ ಸೂತ್ರದ ಸ್ವಭಾವವೇ ಹಾಗೆ, ಸಿದ್ಧಾಂತಕ್ಕೆ ಸೇರಿದ್ದು. "ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ" ಎಂದರೆ ಇದುವರೆಗೆ ತೆಗೆದುಕೊಂಡಿಲ್ಲ, ಈ ರಿಪೋರ್ಟಿನ ಲೆಕ್ಕದಲ್ಲಿ ಅದು ಸೇರಿಲ್ಲ ಎಂದು. ಹಾಳೆಯ ಮೇಲಿನ ಲೆಕ್ಕದ ಬಗ್ಗೆ ಹೇಳುವಾಗ ಇದು ಸರಿ.

ಮೂರರಲ್ಲಿ ಮೊದಲ ಎರಡು ಅದಲುಬದಲಾದರೆ ಅರ್ಥ ಕೆಡುತ್ತದೆ. ವಿಧಾನದಲ್ಲಿ "ಮೊದಲ ಆಂದೋಲನವನ್ನು ಎಣಿಸುವುದಿಲ್ಲ" ಎಂದು ಬರೆದವರನ್ನು ಕೇಳಿದರೆ, ಅವರು ಹೇಳಬೇಕೆಂದಿದ್ದದ್ದು "ಎಣಿಸಲಿಲ್ಲ" ಎಂದೇ ಆಗಿರುತ್ತದೆ.

## ಹಂತ 7: ತೀರ್ಮಾನ, ಸಾರಾಂಶ, ಉದ್ದೇಶ

ತೀರ್ಮಾನದಲ್ಲಿ ಮೊದಲು ಸಿಕ್ಕದ್ದು, ಆಮೇಲೆ ಅದರ ಅರ್ಥ. "ಸರಳ ಲೋಲಕದಿಂದ g ಬೆಲೆ 9.73 m/s² ಬಂದಿತು. T² ಮತ್ತು ಉದ್ದದ ಗ್ರಾಫ್ ಸರಳ ರೇಖೆಯಾಗಿ ಬಂದದ್ದು ಸೂತ್ರಕ್ಕೆ ಹೊಂದುತ್ತದೆ." ಮೊದಲ ವಾಕ್ಯ ಭೂತ, ಎರಡನೆಯದು ವರ್ತಮಾನ. "ಹೊಂದಿತು" ಎಂದರೂ ನಡೆಯುತ್ತದೆ, ಜಗಳ ಬೇಡ.

ಸಾರಾಂಶವನ್ನು ಹೊಸದಾಗಿ ಬರೆಯಲು ಹೋಗಬೇಡಿ. ವಿಧಾನದಿಂದ ಒಂದು ವಾಕ್ಯ, ಫಲಿತಾಂಶದಿಂದ ಒಂದೆರಡು, ಚರ್ಚೆಯಿಂದ ಒಂದು ಎತ್ತಿಕೊಂಡು ಚಿಕ್ಕದು ಮಾಡಿ, ಅವುಗಳ ಕಾಲವನ್ನು ಮುಟ್ಟದೆ ಹಾಗೇ ಇಡಿ. ಇಡೀ ಸಾರಾಂಶ ಒಂದೇ ಕಾಲದಲ್ಲಿ ಇರಬೇಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಾಗೆ ಸಮ ಮಾಡಲು ಹೋದಾಗಲೇ "ಈ ವರದಿ ವಿವರಿಸಿತು" ಎಂಬಂಥ ವಾಕ್ಯಗಳು ಹುಟ್ಟುತ್ತವೆ.

ಉದ್ದೇಶ ಎಲ್ಲಕ್ಕಿಂತ ಸುಲಭ: "ಸರಳ ಲೋಲಕ ಬಳಸಿ g ಬೆಲೆ ಕಂಡುಹಿಡಿಯುವುದು." ಕಾಲ ಆರಿಸುವ ತಾಪತ್ರಯವೇ ಇಲ್ಲ. ಪೂರ್ಣ ವಾಕ್ಯ ಬೇಕೆಂದರೆ "ಉದ್ದೇಶವಾಗಿತ್ತು" ಎಂದು ಸೇರಿಸಿ, ಪ್ರಯೋಗ ಮುಗಿದಿದೆಯಲ್ಲ. "ಕಂಡುಹಿಡಿಯುತ್ತೇವೆ" ಮಾತ್ರ ಬೇಡ, ಅದು ಪ್ರಯೋಗಕ್ಕೆ ಮೊದಲು ಬರೆಯುವ ಯೋಜನೆಯ ಮಾತು.

## ಹಂತ 8: ಹುಡುಕಿ ತಿದ್ದುವ ಕೊನೆಯ ಸುತ್ತು

ಕಂಪ್ಯೂಟರಿನಲ್ಲಿ ಬರೆದಿದ್ದರೆ Ctrl+F ಒತ್ತಿ ಈ ತುಂಡುಗಳನ್ನು ಒಂದಾದ ಮೇಲೊಂದು ಹುಡುಕಿ. ಪೂರ್ತಿ ಪದ ಹಾಕುವುದಕ್ಕಿಂತ ಪದದ ಬಾಲ ಹಾಕಿದರೆ ಜಾಸ್ತಿ ಸಿಗುತ್ತವೆ.

```
ಬೇಕು
ಲಾಗುತ್ತದೆ
ತ್ತೇವೆ
ಲಾಗಿದೆ
ಆಗಿದೆ
ವುದಿಲ್ಲ
```

"ಬೇಕು" ವಿಧಾನದಲ್ಲಿ ಸಿಕ್ಕರೆ ಮ್ಯಾನುಯಲ್ಲಿನದು, ತೆಗೆಯಿರಿ. ಚರ್ಚೆಯಲ್ಲಿ ಸಲಹೆಯಾಗಿ ಬಂದಿದ್ದರೆ ಇರಲಿ. "ಲಾಗುತ್ತದೆ" ಮತ್ತು "ತ್ತೇವೆ" ವಿಧಾನ, ಫಲಿತಾಂಶಗಳಲ್ಲಿ ಸಿಕ್ಕರೆ ಬಹುಪಾಲು ತಪ್ಪೇ. "ಲಾಗಿದೆ" ಸಿಕ್ಕ ಕಡೆಯಲ್ಲೆಲ್ಲ "ಆ ಕೆಲಸದ ಫಲ ಈ ಹಾಳೆಯ ಮೇಲೆ ಕಾಣುತ್ತದೆಯೇ?" ಎಂದು ಕೇಳಿ, ಕಾಣದಿದ್ದರೆ "ಲಾಯಿತು". "ಆಗಿದೆ" ನಿಮ್ಮ ಅಳತೆಯ ಅಂಕಿಯ ಪಕ್ಕದಲ್ಲಿದ್ದರೆ "ಬಂದಿತು" ಅಥವಾ "ಇತ್ತು" ಆಗಬೇಕು. "ಆಗಿದೆ"ಯನ್ನು ಬೇರೆ ಪದಕ್ಕೆ ಅಂಟಿಸಿ "ಸೆಕೆಂಡಾಗಿದೆ" ಎಂಬಂತೆ ಬರೆದಿದ್ದರೆ ಈ ಹುಡುಕಾಟಕ್ಕೆ ಸಿಗುವುದಿಲ್ಲ, ಅದನ್ನು ಕಣ್ಣಿಂದಲೇ ಹಿಡಿಯಬೇಕು. "ವುದಿಲ್ಲ" ವಿಧಾನದಲ್ಲಿ ಸಿಕ್ಕರೆ ಹಂತ 6ರಲ್ಲಿ ಹೇಳಿದಂತೆ "ಲಿಲ್ಲ" ಆಗಬೇಕೇ ಎಂದು ನೋಡಿ.

ಎಲ್ಲವನ್ನೂ ಒಂದೇ ಸಲ ಬದಲಿಸುವ ಗುಂಡಿ ಒತ್ತಬೇಡಿ. "ಲಾಗುತ್ತದೆ" ಸಿದ್ಧಾಂತದಲ್ಲೂ ಇರುತ್ತದೆ, ಅಲ್ಲಿ ಅದು ಸರಿಯೇ. ಒಂದೊಂದೇ ನೋಡಿ ತಿದ್ದುವುದಕ್ಕೆ ಬದಲಿ ಇಲ್ಲ.

ಕೈಬರಹದವರು ಬಣ್ಣ ಹಚ್ಚಿದ ಹಾಳೆಗಳನ್ನು ಸಾಲಾಗಿ ಇಟ್ಟು ದೂರದಿಂದ ನೋಡಿ. ವಿಧಾನದ ಪುಟ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿರಬೇಕು. ಸಿದ್ಧಾಂತದ ಪುಟ ಇನ್ನೊಂದು ಬಣ್ಣದಲ್ಲಿ. ಚರ್ಚೆಯ ಪುಟ ಎರಡೂ ಬಣ್ಣ ಬೆರೆತು ಕಾಣಬೇಕು; ಅದು ಪೂರ್ತಿ ಭೂತಕಾಲದ ಬಣ್ಣದಲ್ಲಿದ್ದರೆ ನೀವು ಫಲಿತಾಂಶವನ್ನೇ ಮತ್ತೊಮ್ಮೆ ಬರೆದಿದ್ದೀರಿ, ಪೂರ್ತಿ ವರ್ತಮಾನದಲ್ಲಿದ್ದರೆ ಸಿದ್ಧಾಂತವನ್ನು. ಎರಡೂ ಸಂದರ್ಭದಲ್ಲಿ ಕ್ರಿಯಾಪದ ತಿದ್ದಿ ಪ್ರಯೋಜನವಿಲ್ಲ, ಪ್ಯಾರಾವನ್ನೇ ಮತ್ತೆ ಬರೆಯಬೇಕು.

## ನಿಮಗೆ ಕೊಟ್ಟ ನಮೂನೆ ಬೇರೆ ಹೇಳಿದರೆ

ಕೆಲವು ಕಡೆ ರೆಕಾರ್ಡ್ ಪುಸ್ತಕದಲ್ಲಿ ವಿಧಾನವನ್ನು ಆದೇಶದ ರೂಪದಲ್ಲೇ ಬರೆಯಲು ಹೇಳುತ್ತಾರೆ, "ದಾರ ಕಟ್ಟಿರಿ, ಉದ್ದ ಅಳೆಯಿರಿ" ಎಂದು. ಹಾಗೆ ಹೇಳಿದ್ದರೆ ಹಾಗೇ ಬರೆಯಿರಿ, ಅಂಕ ಕೊಡುವವರು ಅವರು. ಆದರೆ ಆ ರೂಪ ವಿಧಾನದ ಭಾಗದಲ್ಲೇ ನಿಲ್ಲಲಿ, ಫಲಿತಾಂಶಕ್ಕೆ ದಾಟಬಾರದು. ಮತ್ತು ನೀವು ಮಾಡಿದ್ದು ಆ ಆದೇಶಕ್ಕಿಂತ ಬೇರೆಯಾಗಿದ್ದರೆ, ನಮ್ಮ 15°ಯ ಹಾಗೆ, ಅದನ್ನು ಹೇಳಲು ಆದೇಶದ ವಾಕ್ಯದಲ್ಲಿ ಜಾಗವೇ ಇರುವುದಿಲ್ಲ. ಆಗ ವಿಧಾನದ ಕೊನೆಗೆ ಬೇರೆ ಸಾಲಿನಲ್ಲಿ ಭೂತಕಾಲದಲ್ಲೇ ಬರೆದುಬಿಡಿ: "ಗುಂಡನ್ನು 5°ಗೆ ಬದಲಾಗಿ ಸುಮಾರು 15° ವಾಲಿಸಿದೆವು."